ಮಿಷನ್ ನುಂಗಿದ ಕಾರ್ಡು, ಮಲ್ಲೇಶ್ವರಿ ಹಿಡಿದ ಚೀಟಿ

ಕಲ್ಯಾಣದುರ್ಗದ ನಾರಮ್ಮನ ಮಗಳು ಮಲ್ಲೇಶ್ವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅವಳನ್ನು ಬಲ್ಲವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಮೂಗಿನ ತುದಿಗೆ ಬಂದು ಕೂರುವಷ್ಟು ಪುರುಸೊತ್ತು ಅವಳ ಕೋಪಕ್ಕೆ ಎಂದೂ ಇರಲಿಲ್ಲ. ನೇರ ಬಾಯಿಗೆ ಬರುತ್ತಿತ್ತು, ಬಾಯಿಂದ ಎದುರಿಗಿದ್ದವರ ಮುಖಕ್ಕೆ. ಅಂಥವಳು ಕುವೈತಿನ ಒಂದು ಮನೆಯಲ್ಲಿ ಏಳು ತಿಂಗಳು ತುಟಿ ಪಿಟಕ್ಕೆನ್ನದೆ ಇದ್ದಳು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದು ನಡೆದದ್ದೇ.

ಬಾಯಿ ಮುಚ್ಚಿಕೊಂಡಿರುವುದನ್ನು ಅವಳಿಗೆ ಕಲಿಸಿದ್ದು ಹಿಂದೂಪುರ. ಅಲ್ಲಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ಅಂಗಿಗೆ ಕಾಲರ್ ಹೊಲಿದಳು. ಓವರ್‌ಟೈಮ್ ಇಪ್ಪತ್ತು ಗಂಟೆ ಮಾಡಿದರೆ ಚೀಟಿಯಲ್ಲಿ ಇಪ್ಪತ್ತು ಅಂತಲೇ ಬರೆದಿರುತ್ತಿತ್ತು, ಕೈಗೆ ಬರುತ್ತಿದ್ದದ್ದು ಹನ್ನೆರಡು ಗಂಟೆಯ ದುಡ್ಡು. ಸೈನು ಮಾತ್ರ ಇಪ್ಪತ್ತಕ್ಕೆ ಹಾಕಬೇಕು. ಒಂದು ದಿನ ತಡೆಯಲಾರದೆ ಆ ಚೀಟಿಯನ್ನು ಮುದುರಿ ಸೂಪರ್‌ವೈಸರ್ ಮುಖಕ್ಕೆ ಎಸೆದು, ಬಾಯಿಗೆ ಬಂದದ್ದೆಲ್ಲ ಅಂದು, ಗೇಟು ದಾಟಿ ಬಂದುಬಿಟ್ಟಳು. ರೈಲ್ವೆ ಗೇಟಿನ ಹತ್ತಿರ ಬಂದ ಮೇಲೆ ತಲೆಗೆ ಹೊಳೆಯಿತು. ಅಯ್ಯೋ, ಆ ಚೀಟಿ! ಅವರ ಮೋಸಕ್ಕೆ ಇದ್ದ ಒಂದೇ ಸಾಕ್ಷಿಯನ್ನು ತಾನೇ ಅವರ ಮಡಿಲಿಗೆ ಹಾಕಿ ಬಂದಿದ್ದಳು. ಲೇಬರ್ ಆಫೀಸಿಗೆ ಹೋದರೆ ಕಾಗದ ತಾರಮ್ಮ ಅಂದರು. ಕಾಗದ ಎಲ್ಲಿದೆ?

ಗಂಡ ಅನ್ನಿಸಿಕೊಂಡವನನ್ನು ಆರು ವರ್ಷದ ಹಿಂದೆಯೇ ಅವನ ಬ್ಯಾಗಿನ ಸಮೇತ ಬಸ್ಸು ಹತ್ತಿಸಿದ್ದಳು. ಇದ್ದದ್ದು ಅವ್ವ ನಾರಮ್ಮ, ಮತ್ತೆ ಒಂದು ಆಸೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದು, ಮೂರು ಪವರ್ ಮಿಷನ್ ಹಾಕಿ, ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು ತೂಗುಹಾಕಬೇಕು. ಯಾವ ಸೂಪರ್‌ವೈಸರೂ ಇರಬಾರದು. ಹಿಂದೂಪುರದ ಏಜೆಂಟು ಲಕ್ಷ್ಮೀಕಾಂತ್ ಕಾಗದ ತೋರಿಸಿದ. ಮನೆಗೆಲಸ, ತಿಂಗಳಿಗೆ ನೂರಿಪ್ಪತ್ತು ದಿನಾರ್, ಎರಡು ವರ್ಷ. ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು. ರೂಮಿನ ಅಡ್ವಾನ್ಸು, ಮೂರು ಮಿಷನ್, ಬೋರ್ಡು. ಎರಡು ವರ್ಷದಲ್ಲಿ ಎಲ್ಲ ಆಗುತ್ತಿತ್ತು, ಆ ನೂರಿಪ್ಪತ್ತು ಕೈಗೆ ಬಂದಿದ್ದರೆ.

ಕುವೈತಿನ ಸಾಲ್ಮಿಯಾ ಬಡಾವಣೆಯ ಆ ಮನೆಯಲ್ಲಿ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಮ್ಯಾಡಮ್ ಇದ್ದರು, ಅವರ ಮೂರು ಮಕ್ಕಳಿದ್ದರು, ಮೇಲಿನ ಮಹಡಿಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರು. ಆ ಮುದುಕಿ ಮಲ್ಲೇಶ್ವರಿಯನ್ನು ಬಿಟ್ಟು ಬೇರೆ ಯಾರು ತಿನ್ನಿಸಿದರೂ ಉಗಿಯುತ್ತಿತ್ತು. ಮಲ್ಲೇಶ್ವರಿಗೂ ಆ ಮುದುಕಿಯ ಮೇಲೆ ಪ್ರೀತಿ. ಬೇಡದ್ದನ್ನು ಬೇಡ ಅಂತ ಉಗಿಯುವ ಹೆಂಗಸು ಆ ಮನೆಯಲ್ಲಿ ಅವಳೊಬ್ಬಳೇ.

ಸಂಬಳ ಬ್ಯಾಂಕಿಗೇ ಹಾಕಬೇಕು, ಹಾಕಿದ್ದಕ್ಕೆ ರಸೀದಿ ತೋರಿಸಬೇಕು ಅಂತ ಮ್ಯಾಡಮ್ಮಿಗೆ ಸರ್ಕಾರದ ಕಡೆಯಿಂದ ಹೇಳಿಕೆ ಬಂದಿತ್ತು. ಮಲ್ಲೇಶ್ವರಿಯ ಹೆಸರಿಗೆ ಖಾತೆ ತೆರೆಸಿದರು, ಕಾರ್ಡು ಬಂತು. ಬಂದ ಕಾರ್ಡು ಮ್ಯಾಡಮ್ಮಿನ ಪರ್ಸಿಗೆ ಹೋಯಿತು, ಅದರ ಗುಟ್ಟಿನ ನಂಬರು ಮ್ಯಾಡಮ್ಮಿನ ತಲೆಗೆ ಹೋಯಿತು.

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಅಲ್ಲಿ ಭಾನುವಾರ ಕೆಲಸದ ದಿನ, ಇಬ್ಬರೂ ಕಾರಿನಲ್ಲಿ ಬ್ಯಾಂಕಿಗೆ ಹೋಗುತ್ತಿದ್ದರು. ಬ್ಯಾಂಕಿನ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ದುಡ್ಡು ಹಾಕುವ, ತೆಗೆಯುವ ಎರಡೂ ಕೆಲಸ ಮಾಡುವ ಮಿಷನ್. ಅದರ ನೆತ್ತಿಯಲ್ಲಿ ಒಂದು ಕ್ಯಾಮೆರಾ. ಮ್ಯಾಡಮ್ ಜಾಣೆ. ಕ್ಯಾಮೆರಾದಲ್ಲಿ ಖಾತೆಯವಳ ಮುಖವೇ ಬೀಳಲಿ ಅಂತ ಮಲ್ಲೇಶ್ವರಿಯನ್ನೇ ಮುಂದೆ ನಿಲ್ಲಿಸುತ್ತಿದ್ದರು. ನಂಬರು ಒತ್ತುವಾಗ ಮಾತ್ರ ಪಕ್ಕದಿಂದ ಕೈ ಚಾಚಿ ತಾವೇ ಒತ್ತುತ್ತಿದ್ದರು. ಉಳಿದದ್ದಕ್ಕೆಲ್ಲ ಹಿಂದಿನಿಂದ ಅಪ್ಪಣೆ: ಮೇಲಿನದು ಒತ್ತು, ಬಲಗಡೆಯದು ಒತ್ತು.

ಏಳನೇ ಕ್ಲಾಸು ಕನ್ನಡದಲ್ಲಿ ಓದಿದ ಮಲ್ಲೇಶ್ವರಿಗೆ ಆ ಪರದೆಯ ಅರಬ್ಬಿಯೂ ಬಾರದು, ಇಂಗ್ಲಿಷೂ ಬಾರದು. ಆದರೆ ಒಂಬತ್ತು ವರ್ಷ ಕಾಲರಿನ ಮೇಲೆ ಅಳತೆಯ ಪಟ್ಟಿ ಹೊಲಿದವಳಿಗೆ ಇಂಗ್ಲಿಷ್ ಅಕ್ಷರಗಳು ಹೊಸವಲ್ಲ. ಮೂರು ಅಕ್ಷರದ ಯೆಸ್, ಎರಡಕ್ಷರದ ನೋ, ಇಷ್ಟು ಸಾಕಾಯಿತು. ತಿಂಗಳಿಗೊಂದು ಪಾಠ. ಕಾರ್ಡು ಹಾಕಿದರೆ ನಂಬರು ಕೇಳುತ್ತದೆ. ಹಣ ಹಾಕುವ ಚೌಕ ಒತ್ತಿದರೆ ಗೂಡು ಬಾಯಿ ತೆರೆಯುತ್ತದೆ. ಕ್ಲಿಪ್ಪು, ರಬ್ಬರ್ ಬ್ಯಾಂಡು ಇಲ್ಲದೆ ನೋಟು ಇಡಬೇಕು. ಬಾಯಿ ಮುಚ್ಚಿ ಜರಜರ ಎಣಿಸಿ, ಇಪ್ಪತ್ತರ ನೋಟು ಆರು, ಒಟ್ಟು ನೂರಿಪ್ಪತ್ತು ಅಂತ ತೋರಿಸಿ, ಸರಿಯೇ ಅಂತ ಕೇಳುತ್ತದೆ. ಮಡಿಕೆ ಬಿದ್ದ ನೋಟಿದ್ದರೆ ಅದೊಂದನ್ನು ಹೊರಕ್ಕೆ ತಳ್ಳುತ್ತದೆ. ಸರಿ ಅಂದ ಮೇಲೆಯೇ ದುಡ್ಡು ಖಾತೆಗೆ ಸೇರುವುದು. ಆಮೇಲೆ ರಸೀದಿ ಬೇಕೇ ಅಂತ ಪ್ರಶ್ನೆ.

"ಯೆಸ್," ಅನ್ನುತ್ತಿದ್ದರು ಮ್ಯಾಡಮ್. ರಸೀದಿ ಬರುತ್ತಿದ್ದಂತೆ ಕಿತ್ತುಕೊಂಡು ಫೋನಿನಲ್ಲಿ ಫೋಟೊ ಹಿಡಿಯುತ್ತಿದ್ದರು, ಸರ್ಕಾರಕ್ಕೆ ತೋರಿಸಲು. ಅಷ್ಟರಲ್ಲಿ ಪರದೆ ಕೇಳುತ್ತಿತ್ತು: ಇನ್ನೇನಾದರೂ ವ್ಯವಹಾರ ಇದೆಯೇ? ಅದಕ್ಕೂ ಯೆಸ್. ಈ ಸಲ ಹಣ ತೆಗೆಯುವ ಚೌಕ. ಈಗಷ್ಟೇ ಒಳಹೋದ ನೂರಿಪ್ಪತ್ತು ಹಾಗೇ ಹೊರಗೆ ಬರುತ್ತಿತ್ತು. ರಸೀದಿ ಬೇಕೇ? "ನೋ!" ಮ್ಯಾಡಮ್ಮಿನ ದನಿ ಆ ನೋಗೆ ಮಾತ್ರ ಸ್ವಲ್ಪ ಏರುತ್ತಿತ್ತು. ಕಾರ್ಡು, ನೋಟು ಎರಡೂ ಪರ್ಸಿಗೆ. ಮನೆಗೆ ಬಂದ ಮೇಲೆ ಐವತ್ತು ದಿನಾರ್ ಮಲ್ಲೇಶ್ವರಿಯ ಕೈಗೆ. ಉಳಿದ ಎಪ್ಪತ್ತು ಎಲ್ಲಿ ಅಂದರೆ ವೀಸಾ ಖರ್ಚು, ಊಟ, ಸೋಪು. ತನ್ನ ಕೈಯಿಂದಲೇ ತನ್ನ ಕಣ್ಣಿಗೆ ಮಣ್ಣೆರಚಿಸುತ್ತಿದ್ದಾರಲ್ಲ ಅಂತ ಅವಳ ಹೊಟ್ಟೆ ಉರಿಯುತ್ತಿತ್ತು. ಆದರೂ ಹಲ್ಲು ಕಚ್ಚಿ ಹಿಡಿದಳು. ಕೂಗಾಡಿ ಗೇಟು ದಾಟುವ ಕೆಲಸ ಒಮ್ಮೆ ಮಾಡಿ ಆಗಿತ್ತು.

ಏಳನೇ ತಿಂಗಳ ಕೊನೆಯ ಒಂದು ಸಂಜೆ ಆ ಮನೆಯ ಡ್ರೈವರ್ ತಿಪ್ಪೇಸ್ವಾಮಿ ಹಿತ್ತಲಲ್ಲಿ ಚಹಾ ಕುಡಿಯುತ್ತಾ ತನ್ನ ಕಥೆ ಹೇಳಿದ. ಅವನು ಹಿಂದೂಪುರದ ಪಕ್ಕದವನು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಮಹಾ ದೈವಭಕ್ತ, ಅದಕ್ಕಿಂತ ಮಹಾ ಪುಕ್ಕಲ.

"ಮೊದಲ್ನೇ ಸಂಬಳ ಕಣಕ್ಕ. ಮಿಷನ್ನಿಂದ ನೋಟು ಬಂದ್ವು. ಎರಡು ಕೈಯಾಗೂ ಹಿಡ್ಕಂಡು ಕಣ್ಣಿಗೆ ಒತ್ಕಂಡು, ನಮ್ಮೂರು ಯಾವ ದಿಕ್ಕಿಗೈತೆ ಅಂತ ನೋಡಿ ಆ ಕಡೀಕೆ ತಿರುಗಿ ಕೈ ಮುಗದೆ. ಹಿಂದ್ಗಡೆ ಕುಯ್ ಕುಯ್ ಅಂತಾ ಐತೆ, ನಾನು ಕಣ್ಣೇ ಬಿಡ್ಲಿಲ್ಲ. ತಿರುಗಿ ನೋಡೋಷ್ಟ್ರಲ್ಲಿ ಕಾರ್ಡು ಗುಳುಂ!"

ಮಲ್ಲೇಶ್ವರಿ ಬಿದ್ದು ಬಿದ್ದು ನಕ್ಕಳು. "ಥೂ ನಿನ್ನ! ದೇವ್ರು ಎಲ್ಲಿಗೂ ಓಡೋಗ್ತಿರ್ಲಿಲ್ಲ ಕಣಪ್ಪ, ಮೊದ್ಲು ಕಾರ್ಡು ಈಸ್ಕಬಾರ್ದಾ?"

"ನಂಗೇನು ಗೊತ್ತು? ಕಾರ್ಡು ಹೊರೀಕೆ ಬಂದ್ಮೇಲೆ ಅರ್ಧ ನಿಮಿಷ ಕಾಯ್ತದಂತೆ. ಯಾರೂ ತಗೊಳ್ಳಿಲ್ಲ ಅಂದ್ರೆ ಕಳ್ಳರ ಪಾಲಾಗ್ದೆ ಇರ್ಲಿ ಅಂತ ತಾನೇ ಒಳೀಕೆ ಎಳ್ಕಂಬುಡ್ತದೆ. ಬ್ಯಾಂಕಿನೋರು ನೋಡಿದ್ರೆ, ನಮ್ಮ ಯಜಮಾನ ಬಾಬಾ ಬಂದು ಕೇಳಿದ್ರೂ ಕೊಡ್ಲಿಲ್ಲ ಅಕ್ಕ. ಕಾರ್ಡ್ ಮೇಲೆ ಯಾರ ಹೆಸ್ರೈತೋ ಅವನೇ ಬರ್ಬೇಕು, ಸಿವಿಲ್ ಐಡಿ ತರ್ಬೇಕು, ಸೈನ್ ಹಾಕ್ಬೇಕು ಅಂದ್ರು."

ಮಲ್ಲೇಶ್ವರಿಯ ನಗು ಅಲ್ಲಿಗೆ ನಿಂತಿತು. ಚಹಾದ ಲೋಟ ಕೆಳಗಿಟ್ಟಳು. "ಬಾಬಾ ಕೇಳಿದ್ರೂ ಕೊಡ್ಲಿಲ್ವಾ?"

"ಇಲ್ಲ ಅಂದ್ನಲ್ಲ." ಅವನು ಅವಳ ಮುಖ ನೋಡಿ ಗಾಬರಿಯಾದ. "ಅಕ್ಕ, ಏನೋ ಲೆಕ್ಕ ಹಾಕ್ತಾ ಇದ್ದೀಯ. ಬ್ಯಾಡ ಕಣಕ್ಕ. ಊರಿಗೆ ಕಳಿಸ್ಬುಡ್ತಾರೆ, ಸುಮ್ಕಿರು."

"ಏಳು ತಿಂಗ್ಳಿಂದ ಸುಮ್ಕೇ ಅವ್ನಿ. ಸುಮ್ಕಿದ್ದೋಳ್ಗೆ ಏನ್ ಸಿಕ್ತು, ಸೋಪು?"

ಮುಂದಿನ ಭಾನುವಾರ ಮಿಷನ್ ಮುಂದೆ ಅವರ ಹಿಂದೆ ಮೂವರು ನಿಂತಿದ್ದರು. ಮಲ್ಲೇಶ್ವರಿ ಸಿವಿಲ್ ಐಡಿಯನ್ನು ರವಿಕೆಯೊಳಗೆ ಮುಟ್ಟಿ ನೋಡಿಕೊಂಡಳು. ಪಾಸ್‌ಪೋರ್ಟು ಮ್ಯಾಡಮ್ಮಿನ ಬೀರುವಿನಲ್ಲಿತ್ತು, ಆದರೆ ಬೀದಿಯಲ್ಲಿ ಪೊಲೀಸರು ಕೇಳುತ್ತಾರಾದ್ದರಿಂದ ಐಡಿ ಮಾತ್ರ ಅವಳ ಹತ್ತಿರವೇ ಇರುತ್ತಿತ್ತು. ಕಾರ್ಡು ಹೋಯಿತು. ಮ್ಯಾಡಮ್ ನಂಬರು ಒತ್ತಿದರು. ಆರು ನೋಟು ಇಟ್ಟಳು, ಒಂದು ವಾಪಸು ಬಂತು. ಅದರ ಕಿವಿ ನೇರ ಮಾಡಿ ಮತ್ತೆ ಇಟ್ಟಳು. ನೂರಿಪ್ಪತ್ತು. ಸರಿ. ರಸೀದಿ ಬೇಕೇ? ಬೇಕು.

ರಸೀದಿ ಬಂತು. ಮ್ಯಾಡಮ್ ಅದನ್ನೆತ್ತಿ ಎರಡು ಹೆಜ್ಜೆ ಹಿಂದೆ ಸರಿದು, ನೆರಳು ಬೀಳದಂತೆ ಹಿಡಿದು ಫೋಟೊ ತೆಗೆಯತೊಡಗಿದರು. ಪರದೆ ಕೇಳಿತು: ಇನ್ನೇನಾದರೂ ವ್ಯವಹಾರ ಇದೆಯೇ?

ಮಲ್ಲೇಶ್ವರಿ ಎರಡಕ್ಷರದ ಚೌಕ ಒತ್ತಿದಳು.

ಕಾರ್ಡು ಕಳಕ್ಕನೆ ಹೊರಬಂತು. ಸುತ್ತಲೂ ಹಸಿರು ದೀಪ ಮಿಣುಕಿತು, ಕುಯ್ ಕುಯ್ ಸದ್ದು ಶುರುವಾಯಿತು. ಅವಳು ಅದನ್ನು ಮುಟ್ಟಲಿಲ್ಲ. ಎರಡು ಕೈ ಜೋಡಿಸಿ ಕಾರ್ಡಿಗೆ ಅಡ್ಡ ಗೂಡುಕಟ್ಟಿ, ಮಿಷನ್ನಿಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಟ್ಟಳು. ಊರಲ್ಲಿ ಅವ್ವ ನಾರಮ್ಮ ಕಡಲೆಕಾಯಿ ಅಳೆಯುವಾಗ ಮೊದಲನೇ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು. ಅವ್ವನ ಹಾಗೆಯೇ ಇವಳೂ ಎಣಿಸಿದಳು. ಲಾಭ, ಎರಡು, ಮೂರು, ನಾಲ್ಕು.

"ಏನು ಮಾಡ್ತಿದ್ದೀಯ?" ಮ್ಯಾಡಮ್ಮಿಗೆ ಆಗ ಎಚ್ಚರ. "ಕಾರ್ಡು ತೆಗಿ!"

"ದೇವ್ರು, ಮ್ಯಾಡಮ್, ದೇವ್ರು," ಅಂದಳು ತನಗೆ ಬರುವ ಅಡುಗೆಮನೆ ಅರಬ್ಬಿಯಲ್ಲಿ. ಹನ್ನೊಂದು, ಹನ್ನೆರಡು.

ಮ್ಯಾಡಮ್ ಭುಜ ಹಿಡಿದು ಎಳೆದರು. ಕಾಲರ್ ಹೊಲಿದು, ಮುದುಕಿಯನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಕೂರಿಸಿ ಗಟ್ಟಿಯಾದ ಭುಜ ಅದು, ಕದಲಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಮುದುಕ, ಪ್ರಾರ್ಥನೆ ಮಾಡುತ್ತಿರುವವಳನ್ನು ಎಳೆಯಬೇಡಮ್ಮ ಅಂತ ಗದರಿದ. ನೆತ್ತಿಯ ಮೇಲೆ ಕ್ಯಾಮೆರಾ ಬೇರೆ. ಮ್ಯಾಡಮ್ ಕೈ ಬಿಟ್ಟರು. ಇಪ್ಪತ್ತಾರು, ಇಪ್ಪತ್ತೇಳು. ಬೆರಳ ಬುಡದಲ್ಲಿ ಏನೋ ಸರಿದಂತಾಯಿತು. ಸದ್ದು ನಿಂತಿತು.

ಕಣ್ಣು ಬಿಟ್ಟು ನೋಡಿದರೆ ಕಾರ್ಡಿನ ಸೀಳು ಖಾಲಿ. ಪರದೆಯ ಮೇಲೆ ಹೊಸ ಸಾಲು: ನಿಮ್ಮ ಕಾರ್ಡನ್ನು ತಡೆಹಿಡಿಯಲಾಗಿದೆ, ಬ್ಯಾಂಕನ್ನು ಸಂಪರ್ಕಿಸಿ. ಅವಳಿಗೆ ಅದನ್ನು ಓದಲು ಬರಲಿಲ್ಲ. ಮ್ಯಾಡಮ್ಮಿಗೆ ಬಂತು. ಆ ಮುಖ ನೋಡಿದರೆ ಸಾಕಿತ್ತು, ಬೇರೆ ಓದುವ ಅಗತ್ಯವಿರಲಿಲ್ಲ.

"ಕತ್ತೆ! ಕಾರ್ಡು ನುಂಗಿಸಿದೆಯಲ್ಲ!"

"ಹೌದು," ಅಂದಳು ಮಲ್ಲೇಶ್ವರಿ. "ಬನ್ನಿ, ಒಳಗೆ ಹೋಗಿ ಕೇಳೋಣ."

ಬ್ಯಾಂಕಿನೊಳಗೆ ಟೋಕನ್ ಹಿಡಿದು ಕೂತರು. ಸರದಿ ಬಂದಾಗ ಮ್ಯಾಡಮ್ ಮುಂದೆ ನುಗ್ಗಿ, ನಾನು ಇವಳ ಯಜಮಾನಿ, ಕಾರ್ಡು ನನ್ನ ಕೈಗೆ ಕೊಡಿ ಅಂದರು. ಕೌಂಟರಿನ ಹುಡುಗಿ ತಲೆಗೆ ಸ್ಕಾರ್ಫ್ ಸುತ್ತಿಕೊಂಡ ಗಂಭೀರ ಸ್ವಭಾವದವಳು. ಯಜಮಾನಿಯನ್ನು ನೋಡಲೇ ಇಲ್ಲ, ಖಾತೆ ಯಾರದು ಅಂತ ಕೇಳಿದಳು. ಮಲ್ಲೇಶ್ವರಿ ರವಿಕೆಯಿಂದ ಐಡಿ ತೆಗೆದು ಕೌಂಟರಿನ ಮೇಲೆ ಟಪ್ಪನೆ ಇಟ್ಟಳು. ಹುಡುಗಿ ಐಡಿಯ ಫೋಟೊ ನೋಡಿದಳು, ಎದುರಿಗಿದ್ದ ಮುಖ ನೋಡಿದಳು. ಮಿಷನ್ನಿನ ಪೆಟ್ಟಿಗೆ ತೆಗೆಯುವುದು ಮಧ್ಯಾಹ್ನ ಒಂದು ಗಂಟೆಗೆ, ಅಲ್ಲಿಯವರೆಗೆ ಕಾಯಬೇಕು, ಇಲ್ಲದಿದ್ದರೆ ನಾಳೆ ಬರಬಹುದು ಅಂದಳು.

"ನಾಳೆ ಬರ್ತಾಳೆ," ಅಂದರು ಮ್ಯಾಡಮ್, ತೋಳು ಹಿಡಿದು.

ನಾಳೆ ತಾನು ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ ಅಂತ ಮಲ್ಲೇಶ್ವರಿಗೆ ಚೆನ್ನಾಗಿ ಗೊತ್ತಿತ್ತು. ತೋಳು ಬಿಡಿಸಿಕೊಂಡು ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಳು. ಜನ್ಮದಲ್ಲಿ ಹಾಗೆ ಕೂತವಳಲ್ಲ. "ಇಲ್ಲೇ ಕೂತಿರ್ತೀನಿ. ಒಂದು ಗಂಟೆ ಆಗ್ಲಿ."

"ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತೀನಿ!"

"ಕಳಿಸಿ. ಟಿಕೆಟ್ಟು ನೀವೇ ಕೊಡಿಸ್ಬೇಕು. ಮೇಲಿರೋ ಅಮ್ಮನಿಗೆ ಇವತ್ತು ಮಧ್ಯಾಹ್ನ ನೀವೇ ತಿನ್ನಿಸಿ ನೋಡಿ."

ಮ್ಯಾಡಮ್ ಧುಮುಗುಟ್ಟುತ್ತಾ ಹೊರಗೆ ಹೋಗಿ ಕಾರಿನಲ್ಲಿ ಕೂತರು. ಐದು ನಿಮಿಷಕ್ಕೆ ತಿಪ್ಪೇಸ್ವಾಮಿ ಕಳ್ಳಹೆಜ್ಜೆಯಲ್ಲಿ ಒಳಗೆ ಬಂದ, ಬಿಳಿಚಿಕೊಂಡಿದ್ದ. "ಅಕ್ಕಾ, ಕೊಂಪೆ ಮುಳುಗಿಸ್ಬುಟ್ಟೆ. ಚಾಲಾ ಕೋಪಂಗಾ ಉಂದಿ ಆಯಮ್ಮ." ಗಾಬರಿಯಾದರೆ ಅವನ ಬಾಯಿಗೆ ಬರುವುದು ತೆಲುಗು.

"ಕೋಪ ಆಯಮ್ಮನ್ಗೊಬ್ಬಳ್ಗೇನಾ ಬರೋದು? ನಂಗೊಂದು ಹೇಳು. ಇದುವರ್ಗೂ ನನ್ ಖಾತೆಗೆ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಇವ್ರು ಬರ್ದು ಕೊಡ್ತಾರಾ?"

"ಸ್ಟೇಟ್‌ಮೆಂಟು ಅಂತಾರೆ. ಖಾತೆಯೋಳು ಕೇಳಿದ್ರೆ ಕೊಡ್ಲೇಬೇಕು." ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅಕ್ಕ, ಇನ್ನೊಂದ್ ಮಾತು. ಸಂಬಳದ ತಕರಾರು ಲೇಬರ್‌ಗೆ ಹೋದ್ರೆ ಯಜಮಾನ್ರ ಫೈಲು ಮುಚ್ಚಿಬುಡ್ತಾರಂತೆ, ಬೇರೆ ಆಳು ತರಿಸೋಕಾಗಲ್ಲ. ಆಯಮ್ಮ ಹೆದರೋದು ಅದಕ್ಕೇಯ. ನಾನು ಹೇಳ್ದೆ ಅಂತ ಹೇಳ್ಬ್ಯಾಡ." ಇಷ್ಟು ಹೇಳಿ ಪುಕ್ಕಲ ಓಡಿಹೋದ. ಆದರೂ ಬಂದು ಹೇಳಿದನಲ್ಲ, ದೊಡ್ಡ ಮಾತು.

ಅವಳು ಮತ್ತೆ ಕೌಂಟರಿಗೆ ಹೋದಳು. ಸ್ಟೇಟ್‌ಮೆಂಟ್ ಅನ್ನುವ ಒಂದೇ ಮಾತು ಹೇಳಿ ಏಳು ಬೆರಳು ತೋರಿಸಿದಳು, ಆಮೇಲೆ ಇವತ್ತಿನದೂ ಸೇರಿಸಿ ಎಂಟು. ಹುಡುಗಿ ಕಾಗದ ತೆಗೆದುಕೊಡುವ ಮುಂಚೆ ತಾನೇ ಒಮ್ಮೆ ಓದಿದಳು. ನೂರಿಪ್ಪತ್ತು ಒಳಗೆ, ಎರಡು ನಿಮಿಷಕ್ಕೆ ನೂರಿಪ್ಪತ್ತು ಹೊರಗೆ. ಹಾಗೆ ಏಳು ಸಲ, ಅದೇ ಮಿಷನ್ನು. ಎಂಟನೇ ಸಾಲಿನಲ್ಲಿ ಮಾತ್ರ ಒಳಗೆ ಹೋದದ್ದು ಅಲ್ಲಿಯೇ ಇತ್ತು. ಹುಡುಗಿ ತಲೆಯೆತ್ತಿ ಗಾಜಿನಾಚೆ ನಿಂತ ಕಾರನ್ನು ನೋಡಿದಳು. ಕಾಗದಕ್ಕೆ ಕೇಳದಿದ್ದರೂ ಬ್ಯಾಂಕಿನ ಸೀಲು ಹಾಕಿ, ಮಡಿಚದೆ ಒಂದು ಲಕೋಟೆಯಲ್ಲಿಟ್ಟು ಕೊಟ್ಟಳು.

ಒಂದು ಗಂಟೆಗೆ ಕಾರ್ಡು ಬಂತು. ಪುಸ್ತಕದಲ್ಲಿ ಮಲ್ಲೇಶ್ವರಿ ಕನ್ನಡದಲ್ಲಿ ಸೈನು ಹಾಕಿದಳು, ಖಾತೆ ತೆರೆದ ದಿನ ಹಾಕಿದ್ದ ಹಾಗೆಯೇ, ಶ್ವದ ಒತ್ತು ದಪ್ಪಗೆ. ನಂಬರು ಬದಲಿಸಬೇಕು ಅಂತ ಕೈಸನ್ನೆ ಮಾಡಿದಳು. ಹುಡುಗಿಯೇ ಎದ್ದು ಒಳಗಿನ ಮಿಷನ್ನಿನ ಹತ್ತಿರ ಕರೆದುಕೊಂಡು ಹೋಗಿ ಚೌಕ ತೋರಿಸಿದಳು. ಅಷ್ಟರಲ್ಲಿ ಮ್ಯಾಡಮ್ ಒಳಗೆ ಬಂದು ಪಕ್ಕದಲ್ಲಿ ನಿಲ್ಲಲು ನೋಡಿದರು. ನೆಲದ ಮೇಲೆ ಒಂದು ಹಳದಿ ಗೆರೆ ಇತ್ತು. ಹುಡುಗಿ ಕೈಯಲ್ಲೇ ತೋರಿಸಿದಳು, ಗೆರೆಯ ಹಿಂದೆ. ಹುಡುಗಿಯೂ ಮುಖ ತಿರುಗಿಸಿ ನಿಂತಳು. ಮಲ್ಲೇಶ್ವರಿ ಹೊಸ ನಂಬರನ್ನು ಎರಡು ಸಲ ಒತ್ತಿದಳು. ಅದು ಯಾವುದು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ನನಗೂ ಹೇಳಿಲ್ಲ.

ಕಾರು ಒಂದು ಸಿಗ್ನಲ್ ದಾಟಿತು. ಆಮೇಲೆ ಮಲ್ಲೇಶ್ವರಿ ಲಕೋಟೆ ಎತ್ತಿ ಹಿಡಿದಳು.

"ಮ್ಯಾಡಮ್, ಇದ್ರಾಗೆ ಏಳು ಸಲ ಬರ್ದೈತೆ. ಕ್ಯಾಮೆರಾದಾಗೆ ನನ್ ಮುಖ ಬೀಳ್ಲಿ ಅಂತ ನನ್ನ ಮುಂದೆ ನಿಲ್ಲಿಸ್ತಿದ್ರಿ. ಬಿದ್ದೈತೆ. ನೋಟು ಯಾರ ಪರ್ಸಿಗೆ ಹೋಯ್ತು ಅನ್ನೋದೂ ಬಿದ್ದೈತೆ. ಲೇಬರ್ ಆಫೀಸು ಎಲ್ಲೈತೆ ಅಂತ ನಂಗೆ ಗೊತ್ತಿಲ್ಲ. ಕೇಳಿದ್ರೆ ಯಾರಾದ್ರೂ ಹೇಳ್ತಾರೆ." ಅರ್ಧ ಅರಬ್ಬಿ, ಕಾಲು ಹಿಂದಿ, ಉಳಿದದ್ದು ಕಲ್ಯಾಣದುರ್ಗದ ಕನ್ನಡ. ಮ್ಯಾಡಮ್ಮಿಗೆ ಎಲ್ಲವೂ ಅರ್ಥವಾಯಿತು. "ಏಳು ಎಪ್ಪತ್ತು, ನಾನೂರ ತೊಂಬತ್ತು. ತಿಂಗಳಿಗೆ ಎಪ್ಪತ್ತರಂಗೆ ಸೇರ್ಸಿ ಹಾಕಿ. ನಾನೇನು ಒಂದೇ ಸಲ ಕೇಳ್ತಿಲ್ಲ."

ಮ್ಯಾಡಮ್ ಕಿಟಕಿಯಾಚೆ ನೋಡುತ್ತಿದ್ದರು. ತಿಪ್ಪೇಸ್ವಾಮಿ ಸ್ಟೀರಿಂಗ್ ತಿರುಗಿಸುತ್ತಿದ್ದ.

ಆ ತಿಂಗಳು ಪೂರ್ತಿ ಮನೆಯಲ್ಲಿ ಮುಖ ಗಂಟು, ಮಾತಿಗೊಂದು ಕೊಂಕು. ಮಲ್ಲೇಶ್ವರಿಗೆ ಹೆದರಿಕೆಯಾಗಲಿಲ್ಲ ಅಂದರೆ ಅದೂ ಸುಳ್ಳೇ. ಕಳ್ಳತನದ ಆರೋಪ ಹೊರಿಸಿಯಾರು, ಇವತ್ತು ಟಿಕೆಟ್ಟು ಕೈಗೆ ಕೊಟ್ಟಾರು ಅಂತ ದಿನಾ ಅಳುಕಿದಳು. ಲಕೋಟೆಯ ಕಾಗದದ ಫೋಟೊ ತೆಗೆದು ಊರಿಗೆ ಕಳಿಸಿದ್ದಳು. ಓದಲು ಬಾರದ ನಾರಮ್ಮ ಅದನ್ನು ಪಕ್ಕದ ಮನೆಯ ಬನಶ್ರೀ ಕೈಲಿ ಓದಿಸಿ ಫೋನ್ ಮಾಡಿದಳು.

"ಈ ಸಲ ಕಾಗ್ದ ಅವರ ಮಕಕ್ಕೆ ಎಸಿಲಿಲ್ಲ ತಾನೇ?"

"ಇಲ್ಲ ಕಣವ್ವ. ಮಡಗಿದ್ದೀನಿ."

"ಹಂಗಾರೆ ಹೆದ್ರಬ್ಯಾಡ, ಬಿಡು."

ಮುಂದಿನ ತಿಂಗಳ ಮೊದಲ ಭಾನುವಾರ ಮತ್ತೆ ಅದೇ ಗೋಡೆ, ಅದೇ ಮಿಷನ್. ಕಾರ್ಡು ಈಗ ಮಲ್ಲೇಶ್ವರಿಯ ರವಿಕೆಯೊಳಗಿನಿಂದ ಬಂತು. ನಂಬರು ಒತ್ತುವಾಗ ಎಡಗೈ ಅಡ್ಡ ಹಿಡಿದಳು. ಗೂಡು ಬಾಯಿ ತೆರೆಯಿತು. ಅವಳು ಹಿಂದಕ್ಕೆ ತಿರುಗದೆ ಬಲಗೈ ಚಾಚಿದಳು. ಮ್ಯಾಡಮ್ ಇಪ್ಪತ್ತರ ನೋಟು ಒಂದೊಂದಾಗಿ ಇಟ್ಟರು. ಆರಕ್ಕೆ ನಿಂತಿತು.

ಮಲ್ಲೇಶ್ವರಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಪರದೆ ಕಾಯುತ್ತಿತ್ತು. ಇನ್ನೂ ಸಮಯ ಬೇಕೇ ಅಂತ ಕೇಳಿತು, ಯೆಸ್ ಒತ್ತಿದಳು. ಹಿಂದೆ ನಿಂತವರು ಕೆಮ್ಮಿದರು. ಆಮೇಲೆ ಪರ್ಸಿನ ಜಿಪ್ಪು ಮತ್ತೆ ಸದ್ದು ಮಾಡಿತು. ಇಪ್ಪತ್ತರ ಮೂರು, ಹತ್ತರದು ಒಂದು.

ಎಲ್ಲವನ್ನೂ ಗೂಡಿಗಿಟ್ಟಳು. ಎಣಿಸಿ ಮುಗಿಸಿದ ಮಿಷನ್ ನೂರ ತೊಂಬತ್ತು ಅಂತ ತೋರಿಸಿತು. ಸರಿ. ರಸೀದಿ ಬೇಕೇ? ಬೇಕು. ಬಂದ ರಸೀದಿಯನ್ನು ತನ್ನ ಫೋನಿನಲ್ಲಿ ಮೊದಲು ಫೋಟೊ ಹಿಡಿದು, ಆಮೇಲೆ ಎರಡು ಕೈಯಲ್ಲಿ ಮ್ಯಾಡಮ್ಮಿಗೆ ಕೊಟ್ಟಳು. "ತಗೊಳ್ಳಿ, ನಿಮ್ಗೆ ಬೇಕಿದ್ದು ಇದೇ ಅಲ್ವಾ?" ಇನ್ನೇನಾದರೂ ವ್ಯವಹಾರ ಇದೆಯೇ ಅಂತ ಪರದೆ ಕೇಳಿತು. ನೋ ಒತ್ತಿದಳು.

ಕಾರ್ಡು ಹೊರಗೆ ಬಂದು ಮೊದಲ ಕುಯ್ ಅನ್ನುವ ಮೊದಲೇ ಅವಳ ಕೈ ಅದರ ಮೇಲಿತ್ತು. ಎಳೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಹಿಂದೆ ನಿಂತವರಿಗೆಲ್ಲ ಕೇಳುವಷ್ಟು ಜೋರಾಗಿ, ಅವ್ವ ಮೊದಲನೇ ಸೇರು ಅಳೆದು ಸುರಿಯುವಾಗ ಹೇಳುವ ಹಾಗೆ, "ಲಾಭ!" ಅಂದಳು. ಹಳೇ ಬಾಕಿ ತೀರಲು ಇನ್ನು ಆರು ತಿಂಗಳು ಉಳಿದಿತ್ತು.